ಅಜ್ಜಿಯ ಹಾಡಿಗೆ ಹುಣಸೆಬೀಜದ ಅಳತೆ

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನನಗೆ ಎರಡು ಪುಟದ ಕಾಗದ ಬರೆದಿದ್ದಾಳೆ. ಶಾಲೆಯಲ್ಲಿ ಮನೆಗೆಲಸ ಕೊಟ್ಟಿದ್ದರಂತೆ: ಮನೆಯ ಹಿರಿಯರಿಂದ ಒಂದು ಜನಪದ ಹಾಡು ಕೇಳಿ ಬರೆದುಕೊಂಡು, ಪ್ರಸ್ತಾರ ಹಾಕಿ, ಗಣ ವಿಭಾಗ ಮಾಡಿ, ಛಂದಸ್ಸಿನ ಹೆಸರು ಬರೆಯಿರಿ ಎಂದು. ಇವಳು ಅಜ್ಜಿಯನ್ನು ಕೂರಿಸಿಕೊಂಡು ಬೀಸುವ ಹಾಡೊಂದನ್ನು ಬರೆದುಕೊಂಡಳು. ಮಾತ್ರೆ ಎಣಿಸಿದಳು. ಮೊದಲ ಸಾಲು ಐದೈದು ಮಾತ್ರೆಗೆ ಚೆನ್ನಾಗಿಯೇ ಕೂತಿತು, ಎರಡನೇ ಸಾಲಿನಲ್ಲಿ ಕೈಕೊಟ್ಟಿತು. ಕೊನೆಗೆ ‘ಛಂದೋಭಂಗವಾಗಿದೆ’ ಎಂದು ಬರೆದು ಒಪ್ಪಿಸಿದಳು. ಅಷ್ಟೇ ಆಗಿದ್ದರೆ ಕಾಗದ ಬರೆಯುವ ಮಾತಿರಲಿಲ್ಲ. ಮನೆಯಲ್ಲಿ ಅದನ್ನು ಅಜ್ಜಿಗೂ ಓದಿ ಹೇಳಿದ್ದಾಳೆ. ‘ನಾ ಸಾಲಿ ಕಲಿತಾಕಿ ಅಲ್ಲ ಬಿಡವ್ವ, ತಪ್ಪೇ ಇರಬೇಕು’ ಎಂದ ಅಜ್ಜಿ ಆಮೇಲೆ ಹಾಡು ಕೇಳಿದರೆ ಬಾಯಿ ಬಿಡುತ್ತಿಲ್ಲವಂತೆ. ‘ಮೇಷ್ಟ್ರೇ, ಅಜ್ಜಿಯ ಹಾಡು ನಿಜವಾಗಿಯೂ ತಪ್ಪೇ?’ ಎನ್ನುವುದು ಅವಳ ಪ್ರಶ್ನೆ.

ತಪ್ಪಿಲ್ಲ ಮಗಳೇ. ಬಟ್ಟೆ ಅಳೆಯುವ ಮೊಳಕೋಲನ್ನು ಹಾಲಿನ ಪಾತ್ರೆಗೆ ಇಳಿಬಿಟ್ಟು ‘ಹಾಲು ಸರಿಯಿಲ್ಲ’ ಎಂದಂತಾಯಿತು ಅಷ್ಟೆ. ಆ ಹಾಡು ತ್ರಿಪದಿ. ತ್ರಿಪದಿಯನ್ನು ಮಾತ್ರೆಯಿಂದ ಅಳೆಯುವುದಿಲ್ಲ, ಅಂಶದಿಂದ ಅಳೆಯುತ್ತಾರೆ. ಈ ವಾರ ಆ ಅಳತೆಯನ್ನೇ ಕಲಿಯೋಣ. ಪೆನ್ನು, ಕಾಗದ, ಒಂದು ಹಿಡಿ ಹುಣಸೆಬೀಜ ಇಟ್ಟುಕೊಳ್ಳಿ. ಬೀಜ ಸಿಗದ ಪೇಟೆಯವರು ಕಡಲೆಕಾಳು ತೆಗೆದುಕೊಂಡರೂ ಆದೀತು. ಪಾಠ ಮುಗಿಯುವವರೆಗೆ ತಿನ್ನಬಾರದು.

ಅಜ್ಜಿಯ ಹಾಡು ಅಜ್ಜಿಯದು. ಅವರನ್ನು ಕೇಳದೆ ಅದನ್ನು ಇಲ್ಲಿ ಅಚ್ಚು ಹಾಕುವುದು ನನಗೆ ಸರಿ ಕಾಣಲಿಲ್ಲ. ಅದೇ ಅಚ್ಚಿನಲ್ಲಿ, ಪಾಠಕ್ಕೆಂದು ನಾನೇ ಮೂರು ಸಾಲು ಕಟ್ಟಿದ್ದೇನೆ. ಉತ್ತರ ಕರ್ನಾಟಕದ ಮಾತಿನಲ್ಲಿದೆ. ಗಂಡನ ಮನೆಯಿಂದ ತವರಿಗೆ ಬಂದ ತಂಗಿಯನ್ನು ಕಂಡು ಅಕ್ಕ ತಾಯಿಗೆ ಹೇಳುವ ಮಾತು:

ಮುಂಗಾರು ಮಳಿಹಂಗ ಬಂದಾಳ ನನತಂಗಿ
ಅಂಗಳ ತುಂಬ ನಗಿಮಾತು – ಕೇಳವ್ವ
ತಂಗಾಳಿ ಅವಳ ನುಡಿಯೆಲ್ಲ

ಮೊದಲು ಶಾಲೆಯಲ್ಲಿ ಕಲಿತಂತೆಯೇ ಮಾತ್ರೆ ಎಣಿಸಿ ನೋಡೋಣ. ಲಘುವಿಗೆ ಒಂದು, ಗುರುವಿಗೆ ಎರಡು. ದೀರ್ಘಾಕ್ಷರ ಗುರು, ಸೊನ್ನೆ ಇರುವ ಅಕ್ಷರ ಗುರು, ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬುದು ನಿಮಗೆ ಗೊತ್ತೇ ಇದೆ. ‘ಮುಂಗಾರು’ ಐದು ಮಾತ್ರೆ, ‘ಮಳಿಹಂಗ’ ಐದು, ‘ಬಂದಾಳ’ ಐದು, ‘ನನತಂಗಿ’ ಐದು. ಆಹಾ, ಪಂಚಮಾತ್ರಾ ಗಣ ಎಂದು ಖುಷಿಯಾಗುತ್ತದೆ. ಎರಡನೇ ಸಾಲಿಗೆ ಬನ್ನಿ. ‘ಅಂಗಳ’ ಎಂದರೆ ನಾಲ್ಕು. ಐದಾಗಲು ಇನ್ನೊಂದು ಬೇಕು. ಮುಂದಿನ ಅಕ್ಷರ ‘ತುಂ’, ಅದು ಗುರು, ಎರಡು ಮಾತ್ರೆ. ಸೇರಿಸಿದರೆ ಆರಾಗುತ್ತದೆ, ಬಿಟ್ಟರೆ ನಾಲ್ಕೇ ಉಳಿಯುತ್ತದೆ. ಒಂದು ಗುರುವನ್ನು ಮಧ್ಯಕ್ಕೆ ಸೀಳಿ ಅರ್ಧ ಇಲ್ಲಿ, ಅರ್ಧ ಅಲ್ಲಿ ಹಾಕುವ ಹಾಗಿಲ್ಲ. ನಮ್ಮ ಹುಡುಗಿ ಸಿಕ್ಕಿಬಿದ್ದದ್ದು ಇಂಥ ಜಾಗದಲ್ಲೇ. ಮೊದಲ ಸಾಲು ಐದೈದಕ್ಕೆ ಕೂತದ್ದು ಕಾಕತಾಳೀಯ. ಮೊದಲ ಸಾಲನ್ನು ಮಾತ್ರ ಬಿಡಿಸಿ ಹೆಸರು ಬರೆದುಬಿಡುವ ಮಕ್ಕಳು ಈ ಕಾಕತಾಳೀಯಕ್ಕೆ ಬಲಿಯಾಗುತ್ತಾರೆ.

ಈಗ ಬೀಜ ತೆಗೆಯಿರಿ. ಒಂದು ಬೀಜ ಎಂದರೆ ಒಂದು ಅಂಶ. ನಿಯಮ ಎರಡೇ. ಗಣದ ಮೊದಲ ಅಂಶ ಸ್ವಲ್ಪ ಗತ್ತಿನದು: ಅದಕ್ಕೆ ಒಂದು ಗುರು ಬೇಕು, ಇಲ್ಲವೇ ಎರಡು ಲಘು ಬೇಕು. ಆಮೇಲಿನ ಅಂಶಗಳಿಗೆ ಗತ್ತಿಲ್ಲ: ಗುರುವೋ ಲಘುವೋ, ಒಂದು ಅಕ್ಷರಕ್ಕೆ ಒಂದು ಅಂಶ. ಎರಡು ಅಂಶವಿದ್ದರೆ ಅದು ಬ್ರಹ್ಮಗಣ, ಮೂರಿದ್ದರೆ ವಿಷ್ಣುಗಣ, ನಾಲ್ಕಿದ್ದರೆ ರುದ್ರಗಣ.

‘ಮುಂಗಾರು’ ತೆಗೆದುಕೊಳ್ಳಿ. ‘ಮುಂ’ ಗುರು, ಒಂದು ಬೀಜ. ‘ಗಾ’ ಒಂದು ಬೀಜ, ‘ರು’ ಒಂದು ಬೀಜ. ಮೂರು ಬೀಜ, ವಿಷ್ಣುಗಣ. ‘ಮಳಿಹಂಗ’ ನೋಡಿ. ‘ಮ’ ಲಘು, ‘ಳಿ’ ಲಘು, ಎರಡೂ ಸೇರಿ ಮೊದಲ ಬೀಜ. ‘ಹಂ’ ಎರಡನೆಯದು, ‘ಗ’ ಮೂರನೆಯದು. ಇದೂ ವಿಷ್ಣುವೇ. ‘ಬಂದಾಳ’ ಮೂರು, ‘ನನತಂಗಿ’ ಮೂರು. ಮೊದಲ ಸಾಲಿನಲ್ಲಿ ನಾಲ್ಕು ವಿಷ್ಣುಗಣ.

ಎರಡನೇ ಸಾಲು. ‘ಅಂಗಳ’: ‘ಅಂ’ ಒಂದು, ‘ಗ’ ಒಂದು, ‘ಳ’ ಒಂದು, ಮೂರು ಬೀಜ. ಮಾತ್ರೆಯಲ್ಲಿ ನಾಲ್ಕೇ ಆಗಿ ಸೋತಿದ್ದ ಪದ ಇಲ್ಲಿ ತಲೆಯೆತ್ತಿ ನಿಂತಿತು ನೋಡಿ. ‘ತುಂಬ’: ‘ತುಂ’ ಒಂದು, ‘ಬ’ ಒಂದು. ಎರಡೇ ಬೀಜ, ಬ್ರಹ್ಮಗಣ. ‘ನಗಿಮಾತು’ ಮೂರು, ‘ಕೇಳವ್ವ’ ಮೂರು. ಮೂರನೇ ಸಾಲಿನಲ್ಲಿ ‘ತಂಗಾಳಿ’ ಮೂರು. ‘ಅವಳ’ ಎಂಬಲ್ಲಿ ಮೂರು ಲಘು ಇವೆ, ಮೊದಲೆರಡು ಸೇರಿ ಒಂದು ಬೀಜ, ಕೊನೆಯದು ಇನ್ನೊಂದು, ಒಟ್ಟು ಎರಡು. ‘ನುಡಿಯೆಲ್ಲ’ ಮೂರು.

ಎಲ್ಲ ಸೇರಿ ಹನ್ನೊಂದು ಗುಡ್ಡೆ ಬಿದ್ದಿವೆ. ಆರನೆಯದೂ ಹತ್ತನೆಯದೂ ಎರಡೆರಡು ಬೀಜದವು, ಉಳಿದ ಒಂಬತ್ತು ಮೂರು ಬೀಜದವು. ಎಣಿಸಿ ನೋಡಿ, 31 ಬೀಜ. ಇದೇ ತ್ರಿಪದಿಯ ಲೆಕ್ಕ: ಹನ್ನೊಂದು ಗಣ, ಆರು ಮತ್ತು ಹತ್ತನೆಯ ಜಾಗದಲ್ಲಿ ಬ್ರಹ್ಮ, ಮಿಕ್ಕೆಲ್ಲ ವಿಷ್ಣು. ಸಾಲುಗಳಿಗೆ ಹಂಚಿದರೆ ನಾಲ್ಕು, ನಾಲ್ಕು, ಮೂರು.

ಇದು ನಿನ್ನೆ ಮೊನ್ನೆಯ ಲೆಕ್ಕವಲ್ಲ. ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿಗಳಿವೆ. ಅದರ ಕಾಲ ಸುಮಾರು ಕ್ರಿ.ಶ. 700 ಎನ್ನುತ್ತಾರೆ. ಹತ್ತನೇ ಶತಮಾನದ ನಾಗವರ್ಮ ತನ್ನ ‘ಛಂದೋಂಬುಧಿ’ಯಲ್ಲಿ ಇದನ್ನು ಕನ್ನಡದ್ದೇ ಆದ ಮಟ್ಟುಗಳ ಜೊತೆ ವಿವರಿಸಿದ್ದಾನೆ. ಸರ್ವಜ್ಞ ಹೇಳಿದ್ದೆಲ್ಲ ತ್ರಿಪದಿಯಲ್ಲೇ. 1931ರಲ್ಲಿ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡು ‘ಗರತಿಯ ಹಾಡು’ ಎಂಬ ಪುಸ್ತಕ ತಂದರಲ್ಲ, ಅದರ ತುಂಬ ಇರುವುದೂ ಇದೇ ಮೂರು ಸಾಲು. ಬೀಸುತ್ತ ಕೂತವರಲ್ಲಿ ಯಾರೂ ವಿಷ್ಣುಗಣ ಎಂಬ ಮಾತು ಕೇಳಿದವರಲ್ಲ. ಆದರೂ ಆರನೇ ಜಾಗಕ್ಕೆ ಎರಡಂಶದ ಮಾತೇ ತಾನಾಗಿ ಬಂದು ಕೂರುತ್ತಿತ್ತು.

ಅಂಶಕ್ಕೂ ಹಾಡಿಗೂ ಯಾಕೆ ಇಷ್ಟು ಸ್ನೇಹ? ಅಜ್ಜಿಯ ಬಾಯಲ್ಲಿ ಕೇಳಿಸಿಕೊಂಡರೆ ತಿಳಿಯುತ್ತದೆ. ‘ಅಂಗಳ ತುಂಬ’ ಎಂಬುದನ್ನು ಅವರು ಹಾಡುವುದು ‘ಅಂಗಳಾ ತುಂಬಾ’ ಎಂದು. ಕಿವಿಗೆ ಬಿದ್ದಂತೆಯೇ ಬರೆದುಕೊಂಡರೆ ಮಾತ್ರೆಯ ಲೆಕ್ಕ ಪೂರ್ತಿ ಬದಲಾಗುತ್ತದೆ. ಅಂಶದ ಲೆಕ್ಕ ಬದಲಾಗುವುದಿಲ್ಲ: ‘ಳ’ ಇದ್ದರೂ ಒಂದು ಬೀಜ, ‘ಳಾ’ ಇದ್ದರೂ ಒಂದು ಬೀಜ. ಕೊನೆಯ ಅಕ್ಷರವನ್ನು ಎಳೆಯುವುದೋ ಮೊಟಕು ಮಾಡುವುದೋ ಹಾಡುವವರ ಇಷ್ಟಕ್ಕೆ ಬಿಟ್ಟ ಮಟ್ಟು ಇದು. ಓದುವವರಿಗಿಂತ ಹಾಡುವವರಿಗೆ ಹೊಂದುವಂತೆ ಹೊಲಿದ ಅಂಗಿ.

ಎಳೆತ ಮೊದಲ ಅಕ್ಷರಕ್ಕೆ ಬಿದ್ದಾಗ ಮಾತ್ರ ಎಚ್ಚರ ಬೇಕು. ‘ಅವಳ’ ಎಂಬುದನ್ನು ರಾಗಕ್ಕಾಗಿ ‘ಆವಳ’ ಎಂದು ಎಳೆದದ್ದನ್ನು ಹಾಗೇ ಬರೆದರೆ ಮೂರು ಬೀಜವಾಗಿಬಿಡುತ್ತದೆ. ಆದ್ದರಿಂದ ಹಾಡಿಸಿ ಕೇಳಿದ ಮೇಲೆ ಒಮ್ಮೆ ‘ಅಜ್ಜಿ, ಹಾಡದೆ ಬರೀ ಮಾತಲ್ಲಿ ಹೇಳು’ ಎಂದು ಕೇಳಿ, ಆ ಮಾತಿನ ರೂಪವನ್ನು ಬರೆದು ಪ್ರಸ್ತಾರ ಹಾಕಿ. ತಿರುಗುಮುರುಗಾದ ತೊಂದರೆಯೂ ಉಂಟು. ‘ಬರೋದು’ ಎಂಬ ಮಾತು ಗಣದ ಮೊದಲಿಗೆ ಬಂದರೆ ಒಂದು ಲಘು, ಹಿಂದೆಯೇ ಗುರು. ಮೊದಲ ಅಂಶಕ್ಕೆ ಬೇಕಾದ ಗುರುವೂ ಇಲ್ಲ, ಎರಡು ಲಘುವೂ ಇಲ್ಲ. ಹಾಡುವವರು ‘ಬ’ ಮೇಲೆ ಸ್ವಲ್ಪ ಒರಗಿ ನಿಂತು ಸರಿದೂಗಿಸುತ್ತಾರೆ, ಕಾಗದದ ಮೇಲೆ ಮಾತ್ರ ಹೊಂದುವುದಿಲ್ಲ. ಅಂಥ ಕಡೆ ‘ಹಾಡಿನಲ್ಲಿ ಎಳೆದು ಸರಿಹೊಂದುತ್ತದೆ’ ಎಂದು ಪಕ್ಕದಲ್ಲಿ ಬರೆಯಿರಿ. ತಪ್ಪು ಗುರುತು ಹಾಕಬೇಡಿ. ಇನ್ನೊಂದು ಮಾತು: ನನ್ನ ಸಾಲುಗಳಲ್ಲಿ ಒಂದೊಂದು ಗಣಕ್ಕೆ ಒಂದೊಂದು ಪದ ಬರುವಂತೆ ಬೇಕೆಂದೇ ಕಟ್ಟಿದ್ದೇನೆ. ನಿಜವಾದ ಹಾಡುಗಳಲ್ಲಿ ಪದದ ಮಧ್ಯದಲ್ಲೇ ಗಣ ಮುರಿಯುವುದುಂಟು, ಗಾಬರಿಯಾಗಬೇಡಿ.

ಗಾಬರಿಗೆ ಇನ್ನೊಂದು ಕಾರಣ, ಹಾಡುವಾಗ ತ್ರಿಪದಿ ನಾಲ್ಕು ಸಾಲಾಗಿ ಕೇಳುತ್ತದೆ. ಮೊದಲ ಸಾಲು ಹಾಡುತ್ತಾರೆ. ಆಮೇಲೆ ‘ಅಂಗಳ ತುಂಬ ನಗಿಮಾತು’ ಎಂದು ಮೂರು ಗಣಕ್ಕೆ ನಿಲ್ಲುತ್ತಾರೆ. ಮತ್ತೆ ಅದನ್ನೇ ಹಿಡಿದು ‘ಅಂಗಳ ತುಂಬ ನಗಿಮಾತು ಕೇಳವ್ವ’ ಎಂದು ಪೂರ್ತಿ ಮಾಡಿ, ಕೊನೆಯ ಸಾಲಿಗೆ ಇಳಿಯುತ್ತಾರೆ. ಫೋನಿನಲ್ಲಿ ಧ್ವನಿ ಹಿಡಿದು ಬರೆದುಕೊಳ್ಳುವ ಮಕ್ಕಳು ಇದನ್ನು ನಾಲ್ಕು ಸಾಲಿನ ಪದ್ಯವೆಂದು ‘ಚೌಪದಿ’ ಎಂದು ಹೆಸರಿಡುತ್ತಾರೆ. ಮರುಕಳಿಸಿದ್ದನ್ನು ಒಮ್ಮೆ ಮಾತ್ರ ಬರೆಯಬೇಕು. ‘ಕೇಳವ್ವ’ ಎಂಬುದರ ಹಿಂದೆ ನಾನು ಗೆರೆ ಎಳೆದಿರುವುದು ಅದಕ್ಕೇ, ಹಾಡು ಅಲ್ಲಿ ತಿರುಗುತ್ತದೆ. ಆ ಮರುಕಳಿಕೆ ಸುಮ್ಮನೆ ಅಲಂಕಾರಕ್ಕಲ್ಲ ಎಂದು ನನಗೆ ಅನಿಸುತ್ತದೆ. ಅಷ್ಟು ಹೊತ್ತಿನಲ್ಲಿ ಮುಂದಿನ ಸಾಲು ನೆನಪಿಗೆ ಬರುತ್ತದೆ, ಎದುರು ಕೂತವಳಿಗೂ ದನಿಗೂಡಿಸಲು ಎಡೆ ಸಿಗುತ್ತದೆ.

ಈಗ ಮಕ್ಕಳು ತುಂಬ ಮಾಡುವ ಒಂದು ಕೆಲಸದ ಬಗ್ಗೆ ಹೇಳಬೇಕು. ಅಜ್ಜಿಯ ಮಾತನ್ನು ‘ತಿದ್ದಿ’ ಬರೆಯುವುದು. ‘ಮಳಿಹಂಗ’ ಗ್ರಾಮ್ಯ, ‘ಮಳೆಯ ಹಾಗೆ’ ಎನ್ನಬೇಕು. ‘ನನತಂಗಿ’ ಕಾಗುಣಿತದ ತಪ್ಪು, ‘ನನ್ನ ತಂಗಿ’ ಎನ್ನಬೇಕು. ‘ಬಂದಾಳ’ ಅಲ್ಲ, ‘ಬಂದಿದ್ದಾಳೆ’. ಹೀಗೆ ತಿದ್ದಿ ಬೀಜ ಹಾಕಿ ನೋಡಿ. ‘ಮಳೆಯ ಹಾಗೆ’: ‘ಮಳೆ’ ಒಂದು, ‘ಯ’ ಒಂದು, ‘ಹಾ’ ಒಂದು, ‘ಗೆ’ ಒಂದು. ನಾಲ್ಕು ಬೀಜ! ‘ನನ್ನ ತಂಗಿ’ಯೂ ನಾಲ್ಕು, ‘ಬಂದಿದ್ದಾಳೆ’ಯೂ ನಾಲ್ಕು. ಮೂರು ಕಡೆ ವಿಷ್ಣು ಹೋಗಿ ರುದ್ರ ಬಂದು ಕೂತ. ಹಾಡಲು ಹೋದರೆ ನಾಲಿಗೆ ಎಡವುತ್ತದೆ. ಅಂದರೆ ಅಜ್ಜಿ ‘ನನ್ನ’ ಎಂಬುದನ್ನು ‘ನನ’ ಎಂದದ್ದು ಗೊತ್ತಿಲ್ಲದೆ ಅಲ್ಲ, ಆ ಜಾಗಕ್ಕೆ ಬೇಕಾದ ಅಳತೆಗೆ ಕತ್ತರಿಸಿ. ಕೇಳಿದ್ದನ್ನು ಕೇಳಿದ ಹಾಗೆ ಬರೆಯಿರಿ. ಅರ್ಥವಾಗದ ಪದಕ್ಕೆ ಕೆಳಗೆ ಬೇರೆಯಾಗಿ ಅರ್ಥ ಬರೆಯಬಹುದು.

ಅಲಂಕಾರಕ್ಕೆ ಬರೋಣ. ಮೊದಲ ಸಾಲಿನಲ್ಲಿ ಉಪಮೆ ಇದೆ. ತಂಗಿ ಉಪಮೇಯ, ಮುಂಗಾರು ಮಳೆ ಉಪಮಾನ. ಉಪಮಾವಾಚಕ ಎಲ್ಲಿ? ‘ಅಂತೆ’, ‘ಹಾಗೆ’, ‘ವೋಲ್’ ಎಂದು ಉರು ಹೊಡೆದ ಮಕ್ಕಳಿಗೆ ಅದು ಕಾಣುವುದೇ ಇಲ್ಲ. ‘ಹಂಗ’ ಎಂಬುದೇ ವಾಚಕ, ‘ಹಾಗೆ’ಯ ತಂಗಿ ಅದು. ಆದರೆ ‘ಹಂಗ’ ಕಂಡಲ್ಲೆಲ್ಲ ಉಪಮೆ ಎಂದು ಬರೆದೀರಿ ಜೋಕೆ. ‘ಅಂವ ಹಂಗ ಹೋದ’ ಎಂದರೆ ಹೋಲಿಕೆ ಏನೂ ಇಲ್ಲ, ಸುಮ್ಮನೆ ಹೋದ ಎಂದಷ್ಟೇ. ‘ಮಳೆ ಬಂತಂತೆ’ ಎಂಬಲ್ಲಿ ‘ಅಂತೆ’ ಇದೆ, ಅದು ಕೇಳಿದ ಸುದ್ದಿ, ಉಪಮೆಯಲ್ಲ. ಯಾವುದಕ್ಕೆ ಯಾವುದನ್ನು ಹೋಲಿಸಿದೆ ಎಂದು ಎರಡು ಹೆಸರು ಹೇಳಲು ಬಂದರೆ ಮಾತ್ರ ಉಪಮೆ.

ನಾಲ್ಕನೆಯದು ಸಮಾನಧರ್ಮ. ಇಲ್ಲಿ ಮಕ್ಕಳು ಥಟ್ಟನೆ ‘ತಂಪು’ ಎಂದು ಬರೆಯುತ್ತಾರೆ. ಸಾಲಿನಲ್ಲಿ ‘ತಂಪು’ ಎಂಬ ಮಾತು ಇದೆಯೇ? ಇಲ್ಲ. ಇರುವುದು ‘ಬಂದಾಳ’. ಬರುವುದೇ ಇಲ್ಲಿ ಇಬ್ಬರಿಗೂ ಸಮಾನವಾದ ಗುಣ. ನಾಲ್ಕೂ ಅಂಗಗಳು ಸಾಲಿನಲ್ಲೇ ಇರುವುದರಿಂದ ಇದು ಪೂರ್ಣೋಪಮೆ. ಸರಿ, ಅಂಕಕ್ಕೆ ಇಷ್ಟು ಸಾಕು. ಆದರೆ ಇದೇ ಸಾಲನ್ನು ಹೊಲ ಉತ್ತು ಕಾದವರಿಗೆ ಓದಿ ಹೇಳಿ, ಅವರು ಬೇರೆಯದನ್ನೇ ಕೇಳಿಸಿಕೊಳ್ಳುತ್ತಾರೆ. ಮುಂಗಾರು ಸುಮ್ಮನೆ ಬರುವುದಿಲ್ಲ, ಬೇಸಿಗೆಯಿಡೀ ಮುಗಿಲು ನೋಡಿಸಿ ಬರುತ್ತದೆ. ಬಂದರೂ ಎಷ್ಟು ದಿನ ನಿಂತೀತೋ ಗೊತ್ತಿಲ್ಲ. ತವರಿಗೆ ಬರುವ ಮಗಳೂ ಹಾಗೆಯೇ. ಹೀಗಾಗಿ ‘ಬಂದಾಳ’ ಎಂಬ ಒಂದೇ ಕ್ರಿಯಾಪದದಲ್ಲಿ ಕಾಯುವುದೂ ಇದೆ, ಹೊರಟುಹೋಗುವ ಅಂಜಿಕೆಯೂ ಇದೆ. ಅಜ್ಜ ಅಜ್ಜಿಯರಲ್ಲಿ ನನ್ನ ವಿನಂತಿ, ಮಗು ಅಲಂಕಾರ ಕೇಳಿದಾಗ ಹೆಸರು ಗೊತ್ತಿಲ್ಲವೆಂದು ಸುಮ್ಮನಾಗಬೇಡಿ. ‘ಇದನ್ನೇ ಯಾಕೆ ಹೋಲಿಸಿದರು’ ಎಂಬುದಕ್ಕೆ ನಿಮ್ಮಲ್ಲಿ ಉತ್ತರವಿದೆ. ಹೆಸರು ಪುಸ್ತಕದಲ್ಲಿ ಸಿಗುತ್ತದೆ.

ಮೂರನೇ ಸಾಲಿನಲ್ಲಿ ‘ಹಂಗ’ ಇಲ್ಲ. ನುಡಿ ತಂಗಾಳಿಯ ಹಾಗಿದೆ ಎನ್ನುತ್ತಿಲ್ಲ, ನುಡಿಯೆಲ್ಲ ತಂಗಾಳಿಯೇ ಎನ್ನುತ್ತಿದೆ. ಎರಡರ ನಡುವೆ ಭೇದವಿಲ್ಲ, ಹಾಗಾಗಿ ರೂಪಕ. ಎರಡನೇ ಸಾಲಿನಲ್ಲಿ ಹೋಲಿಕೆಯೇ ಇಲ್ಲ. ಪ್ರತಿ ಸಾಲಿನಲ್ಲೂ ಒಂದು ಅಲಂಕಾರ ಹಿಡಿದೇ ತೀರಬೇಕೆಂದು ಹುಡುಕಬೇಡಿ. ಮೂರೂ ಸಾಲಿನ ತಲೆಯಲ್ಲಿ ಮಾತ್ರ ಒಂದು ಶಬ್ದದ ಕಟ್ಟು ಇದೆ: ಮುಂಗಾರು, ಅಂಗಳ, ತಂಗಾಳಿ. ಸೊನ್ನೆಯಾದ ಮೇಲೆ ಎರಡನೇ ಅಕ್ಷರದಲ್ಲಿ ಮೂರು ಕಡೆಯೂ ಗಕಾರ. ಇದು ಆದಿಪ್ರಾಸ.

ಈ ಲೆಕ್ಕವೆಲ್ಲ ಪರೀಕ್ಷೆ ಮುಗಿದ ಮೇಲೂ ಒಂದು ಕಡೆ ಕೆಲಸಕ್ಕೆ ಬರುತ್ತದೆ. ವಯಸ್ಸಾದವರಿಗೆ ಹಾಡಿನ ನಡುವೆ ಒಂದು ಮಾತು ಮರೆತುಹೋಗುತ್ತದೆ. ಅಜ್ಜಿ ಕೊನೆಯ ಸಾಲನ್ನು ‘ತಂಗಾಳಿ ನುಡಿಯೆಲ್ಲ’ ಎಂದಷ್ಟೇ ಹೇಳಿದರು ಎನ್ನಿ. ಬೀಜ ಹಾಕಿದರೆ ಎರಡೇ ಗುಡ್ಡೆ. ಕೊನೆಯ ಸಾಲಿಗೆ ಮೂರು ಬೇಕು, ಎರಡೂ ಗುಡ್ಡೆ ಮೂರು ಬೀಜದವು, ಹಾಗಾದರೆ ಕಳೆದದ್ದು ನಡುವಿನ ಬ್ರಹ್ಮಗಣ. ‘ಅಜ್ಜಿ, ನಡುವೆ ಎರಡು ಬೀಜದ ಮಾತೊಂದು ಬಿಟ್ಟಿದೆ’ ಎನ್ನಿ. ‘ಅವಳ’ ಇರಬಹುದು, ‘ಅಕಿಯ’ ಇರಬಹುದು, ಎರಡೂ ಎರಡೇ ಬೀಜ. ಯಾವುದೆಂದು ಹೇಳುವವರು ಅಜ್ಜಿ, ನೀವಲ್ಲ. ನೆನಪಾಗದಿದ್ದರೆ ಜಾಗ ಖಾಲಿ ಬಿಟ್ಟು, ಹಾಡಿದವರ ಹೆಸರು, ಊರು, ತಾರೀಖು ಬರೆದಿಡಿ. ಸಾಲಿನ ಮೊದಲ ಪದವೇ ಮರೆತಿದ್ದರೆ ಪ್ರಾಸ ಸುಳಿವು ಕೊಡುತ್ತದೆ: ಸೊನ್ನೆಯೂ ಗಕಾರವೂ ಇರುವ ಮಾತು ಯಾವುದು ಎಂದು ಕೇಳಿದರೆ ಅರ್ಧ ದಾರಿ ಬಂದಂತೆ.

ಈ ಬೀಜದ ಲೆಕ್ಕವನ್ನು ಕಂದಪದ್ಯಕ್ಕೋ ಭಾಮಿನಿ ಷಟ್ಪದಿಗೋ ಹಾಕಲು ಹೋಗಬೇಡಿ. ಅವು ಮಾತ್ರೆಯ ಮನೆತನ. ಉತ್ಪಲಮಾಲೆ, ಚಂಪಕಮಾಲೆಗಳು ಅಕ್ಷರಗಣದವು, ಅಲ್ಲಿ ‘ಯಮಾತಾರಾಜಭಾನಸಲಗಂ’ ಬೇಕೇ ಬೇಕು.

ಈ ವಾರದ ಕೆಲಸ ಇಲ್ಲಿದೆ. ಇದನ್ನೂ ನಾನೇ ಕಟ್ಟಿದ್ದು, ಒಂದು ಗಣ ಬೇಕೆಂದೇ ಮುಚ್ಚಿಟ್ಟಿದ್ದೇನೆ:

ಎಳ್ಳಿನ ಹೂವಂಥ ಮೂಗೋಳು ನಮ್ಮಜ್ಜಿ
ಬೆಳ್ಳಿಯ ಕೂದ್ಲು ಬಾಚ್ಯಾಳ – ಮುಂಜಾನೆ
ಹಳ್ಳಕ ........ ಹಾಡ್ಯಾಳ

ಖಾಲಿ ಜಾಗಕ್ಕೆ ‘ಹೋಗಿ’, ‘ಹೊರಟಾಗ’, ‘ಇಳಿದು’, ‘ನೀರಿಗೆ’ ಈ ನಾಲ್ಕರಲ್ಲಿ ಯಾವುವು ಹೊಂದುತ್ತವೆ? ಒಂದಕ್ಕಿಂತ ಹೆಚ್ಚು ಇರಬಹುದು. ಮೊದಲ ಸಾಲಿನ ಉಪಮೆಯಲ್ಲಿ ನಾಲ್ಕು ಅಂಗಗಳಲ್ಲಿ ಒಂದು ಕಾಣೆಯಾಗಿದೆ, ಯಾವುದು? ಉತ್ತರದ ಜೊತೆಗೆ ನಿಮ್ಮ ಮನೆಯ ಹಾಡೊಂದನ್ನು, ಹಾಡಿದವರ ಒಪ್ಪಿಗೆ ಪಡೆದು, ಕೇಳಿದ ಹಾಗೆಯೇ ಬರೆದು ಕಳಿಸಿ. ಬೀಜದ ಲೆಕ್ಕ 31 ಬಾರದಿದ್ದರೂ ಕಳಿಸಿ, ಎಲ್ಲಿ ಹೆಚ್ಚು ಕಡಿಮೆಯಾಗಿದೆ ಎಂದು ಮುಂದಿನ ವಾರ ಒಟ್ಟಿಗೆ ಕೂತು ನೋಡೋಣ.